ಸದರಿ ದಿನಾಂಕ

"ಇದು ನಮಗೇ ಬರ್ದಿದ್ದಾ ಮೇಡಂ?"

ಮಂಗಳವಾರ ಬೆಳಿಗ್ಗೆ ಹೊಲಿಗೆ ಲೈನಿನ ಹೆಂಗಸೊಬ್ಬರು ನನ್ನ ಟೇಬಲ್ ಮುಂದೆ ನಿಂತು ಕೇಳಿದ್ದು ಇಷ್ಟೇ. ಕೋಪ ಇರಲಿಲ್ಲ, ಕೊಂಕೂ ಇರಲಿಲ್ಲ. ನಿಜವಾಗ್ಲೂ ಗೊತ್ತಾಗದೆ ಕೇಳಿದರು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಅರ್ಜಿ, ಆಧಾರ್ ಜೆರಾಕ್ಸ್, ಪಾಸ್‌ಬುಕ್ ಜೆರಾಕ್ಸ್, ಎರಡು ಫೋಟೋ. ಅರ್ಜಿ ಕೊಡುವ ಕೊನೆ ದಿನ ಮುಗಿದು ಆಗಲೇ ಒಂದು ವಾರ ಆಗಿತ್ತು.

ಪೀಣ್ಯದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ನಾನು ಎಚ್‌ಆರ್. ಪ್ರತಿ ಜನವರಿಯಲ್ಲಿ ಹಿಂದಿನ ವರ್ಷ ಉಳಿದ ಇಎಲ್ ಎನ್‌ಕ್ಯಾಶ್ ಮಾಡಿಸಿಕೊಳ್ಳಬಹುದು. 20 ದಿನ ದುಡಿದರೆ ಒಂದು ದಿನದ ಲೆಕ್ಕದಲ್ಲಿ ಕೂಡುವ ರಜೆ ಅದು. ಆಕೆಗೆ 14 ದಿನ ಉಳಿದಿತ್ತು. ಮಗಳ ಕಾಲೇಜು ಫೀಸಿಗೆ ಅಂತ ಇಟ್ಟುಕೊಂಡಿದ್ದರಂತೆ. ಆವತ್ತು ಮಧ್ಯಾಹ್ನದೊಳಗೆ ಅಂಥದೇ ಕವರು ಹಿಡಿದು ಬಂದವರು ಹನ್ನೊಂದು ಜನ.

ಹನ್ನೊಂದು ಜನರೂ ದಡ್ಡರಲ್ಲ ಅಲ್ವಾ? ಆಕೆಯಂತೂ ಊಟದ ಹೊತ್ತಿನಲ್ಲಿ ಪೇಪರು ಓದಿ ಬೇರೆಯವರಿಗೆ ಹೇಳುವವರು. ಎದ್ದು ಹೋಗಿ ಬೋರ್ಡ್ ಮೇಲಿದ್ದ ನೋಟಿಸ್ ಓದಿದೆ. ಜನವರಿ ಮೊದಲ ವಾರದಿಂದ ಅದರ ಮುಂದೆಯೇ ದಿನಾ ಓಡಾಡಿದ್ದೇನೆ, ಒಮ್ಮೆಯೂ ಪೂರ್ತಿ ಓದಿರಲಿಲ್ಲ. ಅದು ಹೀಗಿತ್ತು:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಂಸ್ಥೆಯ ಸಮಸ್ತ ಉದ್ಯೋಗಿ ಬಾಂಧವರ ಅವಗಾಹನೆಗೆ ತರಬಯಸುವುದೇನೆಂದರೆ, ಗಳಿಕೆ ರಜೆಯ ನಗದೀಕರಣದ ಲೆಕ್ಕಪತ್ರವನ್ನು ದಿನಾಂಕ 20ರಂದು ಮುಕ್ತಾಯಗೊಳಿಸಿ ದಿನಾಂಕ 27ರಂದು ಪಾವತಿಸಲು ಉದ್ದೇಶಿಸಲಾಗಿದ್ದು, ಅಪೇಕ್ಷಿತರು ನಿಗದಿತ ನಮೂನೆಯನ್ನು ಭರ್ತಿ ಮಾಡಿ ಅಗತ್ಯ ದಾಖಲೆಗಳೊಂದಿಗೆ ಸದರಿ ದಿನಾಂಕದೊಳಗಾಗಿ ಸಲ್ಲಿಸತಕ್ಕದ್ದೆಂದು ಸವಿನಯವಾಗಿ ಕೋರಲಾಗಿದೆ. ಉಳಿಕೆ ರಜೆಯ ಬಗ್ಗೆ ನಿಯಮಾನುಸಾರ ಕ್ರಮ ವಹಿಸಲಾಗುವುದು. ತಪ್ಪಿದಲ್ಲಿ ಉದ್ಭವಿಸುವ ಅನಾನುಕೂಲಗಳಿಗೆ ಆಡಳಿತ ಮಂಡಳಿಯು ಹೊಣೆಯಾಗಿರುವುದಿಲ್ಲ."

ಸದರಿ ದಿನಾಂಕ. ಯಾವುದು ಸದರಿ? 20 ಕೂಡ ಇದೆ, 27 ಕೂಡ ಇದೆ. ಓದುವವರ ಕಣ್ಣು ಹತ್ತಿರದ್ದನ್ನೇ ಹಿಡಿಯುತ್ತದೆ. ಹತ್ತಿರ ಇದ್ದದ್ದು 27. ಹನ್ನೊಂದು ಜನ ಸರಿಯಾಗೇ ಓದಿದ್ದರು, ಸರಿಯಾದ ದಿನವೇ ಬಂದಿದ್ದರು.

ಬರೆದವರು ನಮ್ಮ ಅಡ್ಮಿನ್ ರಾಯರು. ಸರ್ಕಾರಿ ಆಫೀಸಿನಲ್ಲಿ ರಿಟೈರ್ ಆಗಿ ಇಲ್ಲಿಗೆ ಬಂದವರು. ಒಳ್ಳೆ ಮನುಷ್ಯ. ಯಾರ ಮನೇಲಿ ಸಾವು ನೋವು ಆದ್ರೂ ಮೊದಲು ಹೋಗಿ ನಿಲ್ಲುವವರು. ಆದರೆ ಪೆನ್ನು ಹಿಡಿದರೆ ಬೇರೆಯೇ ಜನ್ಮ. ತಮಾಷೆ ಅಂದ್ರೆ ವಾಟ್ಸಾಪಿನಲ್ಲಿ ಅವರಷ್ಟು ನೇರವಾಗಿ ಬರೆಯೋರು ಇನ್ನೊಬ್ಬರಿಲ್ಲ. "ಜ್ವರ. ನಾಳೆ ಬರಲ್ಲ. ಕೀ ಸೆಕ್ಯೂರಿಟಿ ಹತ್ರ ಇದೆ." ಇದು ಹೋದ ತಿಂಗಳು ನನಗೆ ಬಂದ ಮೆಸೇಜು. ನೋಟಿಸ್ ಅಂದ ತಕ್ಷಣ ಇದೇ ಮನುಷ್ಯ ಅವಗಾಹನೆಗೆ ಇಳಿಯುತ್ತಾರೆ. ಇಳಿಯುತ್ತಾರೆ ಅಂತ ಸುಮ್ನೆ ಹೇಳಲಿಲ್ಲ. ಸಂಸ್ಕೃತದಲ್ಲಿ ಅವಗಾಹನ ಅಂದರೆ ನೀರಿನಲ್ಲಿ ಮುಳುಗುವುದು. ನಮ್ಮ ಆಫೀಸುಗಳು ಎಲ್ಲರನ್ನೂ ದಿನಾ ಅದರಲ್ಲೇ ಅದ್ದಿ ತೆಗೆಯುತ್ತವೆ.

ರಾಯರ ಹತ್ತಿರ ಹೋಗಿ ಕೇಳಿದೆ. "ಸದರಿ ಅಂದ್ರೆ 20 ಕಣಮ್ಮಾ. ಲೆಕ್ಕ ಮುಗಿಯೋ ದಿನ ತಾನೇ ಕೊನೆ ದಿನ? ಯಾರಿಗಾದ್ರೂ ಗೊತ್ತಾಗುತ್ತೆ" ಅಂದರು. ಲೆಕ್ಕ ಮಾಡುವವರಿಗೆ ಗೊತ್ತಾಗುತ್ತೆ. ತೋಳು ಹೊಲಿಯುವವರಿಗೆ ಯಾಕೆ ಗೊತ್ತಾಗಬೇಕು?

ಸಂಜೆ ಅಕೌಂಟ್ಸ್‌ನವರು ಇನ್ನೊಂದು ಅವಕಾಶ ಕೊಡಲು ಒಪ್ಪಿದರು. ಹೊಸ ನೋಟಿಸ್ ನಾನೇ ಬರೆಯುತ್ತೇನೆ ಅಂದೆ. ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ. ಎರಡು ದಿನ ಹಿಡಿಯಿತು.

ಕಷ್ಟ ಮಾತಿನ ಬದಲು ಸುಲಭ ಮಾತು ಹಾಕುವುದು ಏನೂ ದೊಡ್ಡದಲ್ಲ. "ಭರ್ತಿ ಮಾಡಿ ಸಲ್ಲಿಸತಕ್ಕದ್ದು" ಹೋಗಿ "ತುಂಬಿ ಕೊಡಿ" ಆಯಿತು. ಮುಂದಿನದಕ್ಕೆ ಸಿಕ್ಕಿಹಾಕಿಕೊಂಡೆ. "ಅಗತ್ಯ ದಾಖಲೆಗಳೊಂದಿಗೆ" ಅಂದರೆ ಯಾವ ದಾಖಲೆ? ಹೆಸರು ಬರೆಯಬೇಕಲ್ಲ. ರಾಯರನ್ನು ಕೇಳಿದೆ. "ಅದು ಅಕೌಂಟ್ಸ್‌ನೋರಿಗೆ ಗೊತ್ತು" ಅಂದರು. ಅಕೌಂಟ್ಸ್ ಹುಡುಗ ನನ್ನ ಮುಖ ನೋಡಿದ. "ದಾಖಲೆನಾ? ಏನೂ ಬೇಡ ಮೇಡಂ. ಎಲ್ಲ ಸಿಸ್ಟಂನಲ್ಲೇ ಇದೆ. ಜೆರಾಕ್ಸ್ ತಂದ್ರೆ ನಾನು ಇಸ್ಕೊಂಡು ಪಕ್ಕಕ್ಕೆ ಇಡ್ತೀನಿ ಅಷ್ಟೇ."

ಪಕ್ಕಕ್ಕೆ ಇಡ್ತಾನಂತೆ. ಎಷ್ಟು ವರ್ಷದಿಂದ ಈ ಜನ ಮೇನ್ ರೋಡಿನ ಜೆರಾಕ್ಸ್ ಅಂಗಡಿ ಮುಂದೆ ಸಾಲು ನಿಂತರೋ! ಯಾರೂ ಕೇಳದ ಕಾಗದವನ್ನು ಬರೀ ಒಂದು ಪದ ಕೇಳುತ್ತಾ ಬಂದಿತ್ತು.

ಆಮೇಲೆ "ನಿಯಮಾನುಸಾರ". ಯಾವ ನಿಯಮ? ಇದಕ್ಕೆ ಅರ್ಧ ದಿನ ಹೋಯಿತು. ನಮ್ಮ ಕಾರ್ಖಾನೆಯ ಲೆಕ್ಕದಲ್ಲಿ, ಹಣ ತೆಗೆದುಕೊಳ್ಳದಿದ್ದರೆ ರಜೆ ಹೊಸ ವರ್ಷಕ್ಕೆ ಸೇರುತ್ತದೆ, ಆದರೆ ಒಟ್ಟು 30 ದಿನದವರೆಗೆ ಮಾತ್ರ. ಅದಕ್ಕಿಂತ ಹೆಚ್ಚಿದ್ದದ್ದು ಹೋಗುತ್ತದೆ. ಇಷ್ಟು ದೊಡ್ಡ ವಿಷಯ ಒಂದೇ ಪದದೊಳಗೆ ತಣ್ಣಗೆ ಮಲಗಿತ್ತು. ರಾಯರಿಗೂ 30ರ ಲೆಕ್ಕ ನೆನಪಿರಲಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ಇಂಥ ಭಾರದ ಮಾತುಗಳ ಅನುಕೂಲವೇ ಅದು. ಬರೆಯುವವರಿಗೆ ಗೊತ್ತಿರಬೇಕು ಅಂತೇನಿಲ್ಲ. ಸುಲಭವಾಗಿ ಬರೆಯಲು ಕೂತರೆ ಪ್ರತಿ ಸಾಲಿಗೂ ಯಾರನ್ನಾದರೂ ಹೋಗಿ ಕೇಳಬೇಕಾಗುತ್ತದೆ.

ಇಂಗ್ಲಿಷಿನಲ್ಲೂ ನಾವು ಇದನ್ನೇ ಮಾಡುತ್ತೇವೆ. "ಕೈಂಡ್ಲಿ ಡೂ ದ ನೀಡ್‌ಫುಲ್" ಅಂತ ಕಳಿಸಿದರೆ ಏನು ಆಗಬೇಕು ಅಂತ ಕಳಿಸಿದವರು ಯೋಚಿಸುವ ಕಷ್ಟವೇ ಇಲ್ಲ. ಅದು ಓದುವವರ ತಲೆನೋವು. ಹಾಗೆ ಬರೆದ ಮೇಲ್‌ಗಳು ನನ್ನ ಸೆಂಟ್ ಫೋಲ್ಡರಿನಲ್ಲೂ ಬೇಕಾದಷ್ಟಿವೆ, ಸುಳ್ಳು ಯಾಕೆ ಹೇಳಲಿ.

ಮೊದಲ ಕರಡು ರಾಯರಿಗೆ ತೋರಿಸಿದೆ. "ಇಎಲ್ ಹಣ ಬೇಕಾದವರು 4ರೊಳಗೆ ಅರ್ಜಿ ಕೊಡಿ. ತಡವಾದರೆ ಹಣ ಇಲ್ಲ." ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಏನಮ್ಮಾ ಇದು, ನೋಟಿಸಾ ಬೆದರಿಕೆನಾ?"

ಸಿಟ್ಟು ಬಂತು. ಆದರೆ ಅವರು ಹೇಳಿದ್ದು ನಿಜ. ಹೂವು ಕೀಳುವ ಭರದಲ್ಲಿ ಗಿಡವನ್ನೇ ಕಿತ್ತಿದ್ದೆ. ಕನ್ನಡದಲ್ಲಿ ಮರ್ಯಾದೆ "ಸವಿನಯ"ದಲ್ಲಿ ಇರುವುದಿಲ್ಲ ಅನ್ನೋದು ಸರಿ, "ಕೊಡಿ" ಅನ್ನುವ "ಇ"ಕಾರದಲ್ಲೇ ಇದೆ. ಆದರೆ ಅದೊಂದೇ ಸಾಲದು. ಕಾರಣ ಹೇಳದ ಸಣ್ಣ ವಾಕ್ಯ ಹೊಡೆದ ಹಾಗೆ ಕೇಳಿಸುತ್ತದೆ. ಅದೇ ವಾಕ್ಯಕ್ಕೆ ಒಂದು "ನಿಮ್ಮ" ಸೇರಿಸಿ, ಯಾಕೆ ಅಂತ ಹೇಳಿದರೆ ಮೆತ್ತಗಾಗುತ್ತದೆ. "ನಿಮ್ಮ" ಸೇರಿಸು ಅಂದದ್ದು ರಾಯರೇ. "4ರೊಳಗೆ" ಅಂದರೆ 4 ಸೇರುತ್ತಾ ಇಲ್ಲವಾ ಅಂತ ಕೇಳಿದ್ದೂ ಅವರೇ. ಸದರಿ ಬರೆದವರು ಇದನ್ನು ಕೇಳಿದರಲ್ಲ ಅಂತ ನಗು ಬಂತು, ತಡೆದುಕೊಂಡೆ.

ಎರಡನೇ ಕರಡನ್ನು ಗುರುವಾರ ಊಟದ ಹೊತ್ತಿನಲ್ಲಿ ಆಕೆಗೇ ತೋರಿಸಿದೆ. "ಅರ್ಥ ಆಯ್ತಾ?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಅಂತಾರೆ. "ಇದನ್ನ ಓದಿ ಈಗ ನೀವೇನ್ ಮಾಡ್ತೀರಾ?" ಅಂದೆ. ಕೈ ಒರೆಸಿಕೊಂಡು ನಿಧಾನಕ್ಕೆ ಓದಿದರು. "ಬುಧವಾರ ಕೌಂಟರಿಗೆ ಬಂದು ಫಾರಂ ತುಂಬಿ ಕೊಡ್ತೀನಿ. ಜೆರಾಕ್ಸ್ ತರಲ್ಲ." ಆಮೇಲೆ ಒಂದು ಕ್ಷಣ ಬಿಟ್ಟು, "ಆದ್ರೆ ಮೇಡಂ, 5 ಗಂಟೆ ತನಕ ಅಂತ ಹಾಕಿದ್ದೀರ. ನಮ್ಮನ್ನ ಬಿಡೋದೇ ಐದೂವರೆಗೆ ಅಲ್ವಾ?"

ಎರಡು ದಿನ ಒಂದೊಂದು ಅಕ್ಷರ ತೂಗಿದ್ದ ನನಗೆ, ರಾಯರಿಗೆ, ಅಕೌಂಟ್ಸಿಗೆ ಯಾರಿಗೂ ಇದು ಹೊಳೆದಿರಲಿಲ್ಲ. ನಾವೆಲ್ಲ 5 ಗಂಟೆಯ ಜನ.

ಕೊನೆಗೆ ನಿಂತದ್ದು ಇದು:

"ಹೋದ ವರ್ಷ ಉಳಿದ ನಿಮ್ಮ ಇಎಲ್‌ಗೆ ಹಣ ಬೇಕೇ? ಎಚ್‌ಆರ್ ಕೌಂಟರಿನಲ್ಲಿ ಅರ್ಜಿ ತುಂಬಿ ಕೊಡಿ. ಕೊನೆ ದಿನ ಫೆಬ್ರವರಿ 4, ಬುಧವಾರ. ಅವತ್ತು ಸಂಜೆ 6 ಗಂಟೆ ತನಕ ತೆಗೆದುಕೊಳ್ಳುತ್ತೇವೆ. ಜೆರಾಕ್ಸ್, ಫೋಟೋ ಬೇಡ. ಹಣ ಫೆಬ್ರವರಿ 7ರ ಸಂಬಳದ ಜೊತೆ ಬರುತ್ತದೆ. ಹಣ ಬೇಡದವರು ಏನೂ ಮಾಡಬೇಕಿಲ್ಲ. ನಿಮ್ಮ ರಜೆ ಈ ವರ್ಷಕ್ಕೆ ಸೇರುತ್ತದೆ. ಆದರೆ 30 ದಿನಕ್ಕಿಂತ ಹೆಚ್ಚು ಸೇರುವುದಿಲ್ಲ, ಮಿಕ್ಕಿದ್ದು ಹೋಗುತ್ತದೆ. ಹಿಂದಿನ ನೋಟಿಸ್‌ನಲ್ಲಿ ಕೊನೆ ದಿನ ಸ್ಪಷ್ಟವಾಗಿ ಇರಲಿಲ್ಲ. ಅದಕ್ಕೇ ಈ ಎರಡನೇ ಅವಕಾಶ."

ನಿಜ ಹೇಳಬೇಕೆಂದರೆ ಹಳೆಯ ನೋಟಿಸ್‌ಗಿಂತ ಇದು ಚಿಕ್ಕದೇನಲ್ಲ. ಉದ್ದ ಕಡಿಮೆ ಮಾಡುವುದೇ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ಕೊನೆಗೆ ಬಿಟ್ಟಿದ್ದಕ್ಕಿಂತ ಸೇರಿಸಿದ್ದೇ ಜಾಸ್ತಿ. ಪೂರ್ತಿ ಬಿಟ್ಟದ್ದು ಅಂದ್ರೆ "ಹೊಣೆಯಾಗಿರುವುದಿಲ್ಲ" ಅನ್ನುವ ಸಾಲು. ಹನ್ನೊಂದು ಜನರ ಮುಖ ನೋಡಿದ ಮೇಲೆ ಅದನ್ನು ಬರೆಯಲು ಕೈ ಬರಲಿಲ್ಲ.

ಎಲ್ಲವನ್ನೂ ಹೀಗೆ ಬಿಡಿಸಲು ಆಗುವುದಿಲ್ಲ. ಶಿಸ್ತು ಕ್ರಮದ ಪತ್ರ ಇದ್ದರೆ ವಕೀಲರು ಹೇಳಿದ ಪದವನ್ನು ನಾನು ಮುಟ್ಟುವುದಿಲ್ಲ. ಅಲ್ಲಿ ಒಂದು ಪದ ಸಡಿಲವಾದರೂ ನಾಳೆ ಅದೇ ತಕರಾರು ಆಗುತ್ತದೆ. ಆದರೆ ಗೋಡೆ ಮೇಲಿನ ನೋಟಿಸ್ ಯಾರಿಗೆ ಅಂತ 1948ರ ಫ್ಯಾಕ್ಟರಿ ಕಾಯ್ದೆ ಮಾಡಿದವರಿಗೇ ಗೊತ್ತಿತ್ತು. ಕಾಯ್ದೆ ಪ್ರಕಾರ ಹಾಕಲೇಬೇಕಾದ ನೋಟಿಸ್‌ಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಅಂತ 108ನೇ ಸೆಕ್ಷನ್‌ನಲ್ಲಿ ಬರೆದಿದ್ದರು. ನಾವು ಅದನ್ನು "ಕನ್ನಡದಲ್ಲಿ ಹಾಕಿ" ಅಂತ ಓದಿಕೊಂಡೆವು. ರಾಯರ ನೋಟಿಸ್ ಕನ್ನಡದಲ್ಲೇ ಇತ್ತಲ್ಲ. ಆದರೂ ಆಕೆ ಕೇಳಿದರು, ಇದು ನಮಗೇ ಬರ್ದಿದ್ದಾ ಅಂತ. ರಾತ್ರಿ ಪಾತ್ರೆ ತೊಳೆಯುವಾಗಲೂ ಅದೇ ಮಾತು ತಲೆಯಲ್ಲಿ. ಅದಕ್ಕೆ ಉತ್ತರ "ಅಲ್ಲ" ಅಂತಲೇ. ಅದು ಅವರಿಗೆ ಬರೆದದ್ದಲ್ಲ, ಫೈಲಿಗೆ ಬರೆದದ್ದು.

ಕೊನೆಯ ಎರಡು ಸಾಲು, ತಪ್ಪು ಒಪ್ಪಿಕೊಂಡದ್ದು, ರಾಯರಿಗೆ ನೋವಾಗಬಹುದು ಅಂತ ಅಳುಕಿತ್ತು. ಶುಕ್ರವಾರ ಪ್ರಿಂಟ್ ಅವರ ಮುಂದಿಟ್ಟೆ. ಅಲ್ಲಿಗೆ ಬಂದಾಗ ಬೆರಳು ನಿಂತಿತು. ತೆಗೆಯಬೇಕಾ ಅಂತ ಕೇಳಿದೆ.

"ಇರ್ಲಿ ಬಿಡು" ಅಂದರು.

ಬೋರ್ಡಿಗೆ ಅವರೇ ಹೋಗಿ ಅಂಟಿಸಿದರು. ಹಳೆಯದನ್ನು ಹರಿಯದೆ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಸಂಜೆ ಹೊರಡುವಾಗ ನೋಡಿದರೆ ನನ್ನ ನೋಟಿಸಿನ ಕೆಳಗೆ, ಎಡಗಡೆ ಮೂಲೆಯಲ್ಲಿ, ನೀಲಿ ಪೆನ್ನಿನ ದುಂಡನೆ ಅಕ್ಷರ. "ಸ್ಥಳ: ಬೆಂಗಳೂರು."

ಹಾಗೇ ಬಿಟ್ಟು ಬಂದೆ.