ಹಳೆ ಎಸ್ಪ್ರೆಸೊ ಮಷೀನ್ ನೋಡಲು ಹೋದಾಗ ನಾನು ಏನು ನೋಡುತ್ತೇನೆ

"ಹೊಸದು ತುಂಬಾ ದುಬಾರಿ. ಸೆಕೆಂಡ್ ಹ್ಯಾಂಡ್ ಎಸ್ಪ್ರೆಸೊ ಮಷೀನು, ಗ್ರೈಂಡರು ತಗೋಬಹುದಾ? ನೋಡೋಕೆ ಹೋದಾಗ ಏನೇನು ಚೆಕ್ ಮಾಡ್ಬೇಕು?"

ತಗೋಬಹುದು. ಆದರೆ ಮಷೀನಿನ ಹೊಳಪು ನೋಡಿ ತಗೋಬೇಡಿ. ಸ್ಟೀಲ್ ಮೈಯನ್ನು ಯಾರು ಬೇಕಾದರೂ ಒಂದು ಗಂಟೆಯಲ್ಲಿ ಉಜ್ಜಿ ಫಳಫಳ ಅನ್ನಿಸಬಹುದು. ಮಷೀನಿನ ಆಯಸ್ಸು ಇರುವುದು ಒಳಗಿನ ಬಾಯ್ಲರ್‌ನಲ್ಲಿ. ಅದನ್ನು ಹಾಳು ಮಾಡುವುದು ಎರಡೇ: ಗಡಸು ನೀರು ಮತ್ತು ಕರೆಂಟ್ ಸೋರಿಕೆ. ನಾನು ಮೊದಲು ನೋಡುವುದೂ ಅವೆರಡನ್ನೇ.

ಹಿಡಿದು ಹೇಳಲು ಒಂದು ಮಷೀನ್ ಬೇಕಲ್ವಾ? ಗಾಜಿಯಾ ಕ್ಲಾಸಿಕ್ ಇರಲಿ. 1991ರಿಂದ ತಯಾರಾಗುತ್ತಿರುವ ಇಟಲಿಯ ಮಷೀನ್ ಇದು. ಒಂದೇ ಚಿಕ್ಕ ಬಾಯ್ಲರ್, ಒಂದು ಪಂಪು, ಮೂರು ಸ್ವಿಚ್ಚು. ಸರಳವಾಗಿರುವುದರಿಂದ ಬಿಚ್ಚಿ ರಿಪೇರಿ ಮಾಡಬಹುದು, ಬಿಡಿ ಭಾಗಗಳೂ ಸಿಗುತ್ತವೆ. ಹಾಗಾಗಿ ಹಳೆಯದನ್ನು ಕೊಳ್ಳುವವರಿಗೆ ನಾನು ಇಂಥದ್ದನ್ನೇ ಹೇಳುತ್ತೇನೆ. ಬೀನ್ಸ್ ಹಾಕಿ ಗುಂಡಿ ಒತ್ತಿದರೆ ಹಾಲೂ ಸೇರಿ ಎಲ್ಲ ತಾನೇ ಮಾಡುವ ಪೂರ್ತಿ ಆಟೋಮ್ಯಾಟಿಕ್ ಮಷೀನುಗಳನ್ನು ಹಳೆಯದಾಗಿ ಕೊಳ್ಳಬೇಡಿ. ಅವುಗಳ ಹಾಲಿನ ಕೊಳವೆಯೊಳಗೆ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ, ಒಂದು ಪ್ಲಾಸ್ಟಿಕ್ ಗೇರ್ ಸವೆದರೂ ಇಡೀ ಮಷೀನ್ ನಿಲ್ಲುತ್ತದೆ.

ಹೋಗುವ ಮುಂಚೆ ಫೋನಿನಲ್ಲೇ ಒಂದು ಮಾತು ಹೇಳಿ: "ನಾನು ಬರೋವರೆಗೂ ಮಷೀನ್ ಆನ್ ಮಾಡಬೇಡಿ." ಮೊದಲೇ ಬಿಸಿ ಮಾಡಿಟ್ಟ ಮಷೀನು ಎಷ್ಟೋ ದೋಷ ಮುಚ್ಚಿಡುತ್ತದೆ. ತಣ್ಣಗಿನಿಂದ ಶುರು ಮಾಡಿದರೆ ಎಷ್ಟು ಹೊತ್ತಿಗೆ ಕಾಯುತ್ತದೆ, ಕಾಯುವಾಗ ಎಲ್ಲಿ ಜಿನುಗುತ್ತದೆ, ಕರೆಂಟ್ ಟ್ರಿಪ್ ಆಗುತ್ತದಾ ಎಲ್ಲವೂ ಕಣ್ಣೆದುರೇ ಗೊತ್ತಾಗುತ್ತದೆ. ಹೋದ ತಕ್ಷಣ ಮಷೀನಿನ ತಲೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.

ಆಮೇಲೆ ವೋಲ್ಟೇಜ್ ಬರೆದಿರುವ ಚೀಟಿ ಓದಿ. ನಮ್ಮ ಬೆಂಗಳೂರಿನಲ್ಲಿ ಇದು ಮುಖ್ಯ. ಅಮೆರಿಕದಿಂದ ವಾಪಸ್ ಬಂದವರು ಮಷೀನನ್ನೂ ಹೊತ್ತು ತಂದಿರುತ್ತಾರೆ. ಅದು 120 ವೋಲ್ಟ್, 60 ಹರ್ಟ್ಜ್‌ನದ್ದು. ನಮ್ಮಲ್ಲಿರುವುದು 230 ವೋಲ್ಟ್, 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. 60 ಹರ್ಟ್ಜ್‌ಗೆ ಮಾಡಿದ ಪಂಪು ಇಲ್ಲಿ ಸರಿಯಾದ ಲಯದಲ್ಲಿ ಕೆಲಸ ಮಾಡುವುದಿಲ್ಲ. ಜೊತೆಗೆ ಸಾವಿರ ವ್ಯಾಟ್ ದಾಟಿದ ಹೀಟರ್‌ಗೆ ದೊಡ್ಡ, ಭಾರದ ಟ್ರಾನ್ಸ್‌ಫಾರ್ಮರ್ ಬೇಕು. ಅರ್ಧ ಬೆಲೆಗೆ ಕೊಟ್ಟರೂ ನಾನಂತೂ ಬೇಡ ಅನ್ನುತ್ತೇನೆ.

ಈಗ ಕರೆಂಟ್ ವಿಚಾರ. ಮಾರುಕಟ್ಟೆಗೆ ಬರುವ ಹಳೆ ಕ್ಲಾಸಿಕ್‌ಗಳಲ್ಲಿ ಬಹುಪಾಲಿನದು ಅಲ್ಯೂಮಿನಿಯಂ ಬಾಯ್ಲರ್. ಅದರ ಹೀಟರ್ ಬೇರೆಯಾಗಿ ಬಿಚ್ಚಿ ಬರುವುದಿಲ್ಲ, ಬಾಯ್ಲರ್‌ನ ಗೋಡೆಯೊಳಗೇ ಸೇರಿಕೊಂಡಿರುತ್ತದೆ. ಹೀಟರ್ ಹೋದರೆ ಬಾಯ್ಲರನ್ನೇ ಬದಲಿಸಬೇಕು. ಅದಕ್ಕೇ ಹೀಟರ್‌ನಿಂದ ಮಷೀನಿನ ಮೈಗೆ ಕರೆಂಟ್ ಸೋರುತ್ತಿದೆಯಾ ಎಂದು ನೋಡದೆ ದುಡ್ಡು ಕೊಡಬಾರದು.

ಗೆಳೆಯರೊಬ್ಬರ ಜೊತೆ ಜಯನಗರದ ಒಂದು ಮನೆಗೆ ಇಂಥದ್ದೇ ಮಷೀನ್ ನೋಡಲು ಹೋಗಿದ್ದೆ. ಒಳ್ಳೇ ಜನ. "ನಾಲ್ಕು ವರ್ಷದಿಂದ ಒಂದು ದಿನವೂ ತೊಂದರೆ ಕೊಟ್ಟಿಲ್ಲ ಸಾರ್" ಅಂದರು. ಸುಳ್ಳು ಹೇಳುತ್ತಿರಲಿಲ್ಲ. ಮಷೀನನ್ನು ಅಡುಗೆಮನೆ ಕಟ್ಟೆಯ ಮೇಲೆ ಒಂದು ಟೂ ಪಿನ್ ಅಡಾಪ್ಟರ್‌ಗೆ ಸಿಕ್ಕಿಸಿದ್ದರು. ಅಂದರೆ ಅರ್ಥಿಂಗ್ ಇರಲಿಲ್ಲ. ಅಡಾಪ್ಟರ್ ತೆಗೆದು ಫ್ರಿಜ್ ಪಕ್ಕದ 16 ಆಂಪ್ ಸಾಕೆಟ್‌ಗೆ ಹಾಕಿ ಆನ್ ಮಾಡಿದೆವು. ಕೆಲವು ನಿಮಿಷ ಸುಮ್ನೆ ಕಾಯಿತು. ಬಾಯ್ಲರ್ ಬಿಸಿಯಾಗುತ್ತಿದ್ದ ಹಾಗೇ ಮನೆಯ ಕರೆಂಟೇ ಹೋಯಿತು. ಬೋರ್ಡ್‌ನಲ್ಲಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಸ್ವಿಚ್ಚು ಕೆಳಗೆ ಬಿದ್ದಿತ್ತು. ಎತ್ತಿ ಮತ್ತೆ ಹಾಕಿದರೆ ತಕ್ಷಣ ಬಿತ್ತು.

ಆಗಿದ್ದಿಷ್ಟು. ಹೀಟರ್‌ನಿಂದ ಮೈಗೆ ಕರೆಂಟ್ ಸೋರುತ್ತಿತ್ತು. ಅರ್ಥಿಂಗ್ ಇಲ್ಲದ್ದರಿಂದ ಅದಕ್ಕೆ ಹರಿದುಹೋಗಲು ದಾರಿ ಇರಲಿಲ್ಲ, ಹಾಗಾಗಿ ಟ್ರಿಪ್ ಆಗುತ್ತಿರಲಿಲ್ಲ. ಒದ್ದೆ ಕೈಯಲ್ಲಿ ಮಷೀನ್ ಮುಟ್ಟಿದ ಮನುಷ್ಯನೇ ಆ ದಾರಿಯಾಗಬಹುದಿತ್ತು. ಮಾರುವವರಿಗೂ ಅದು ಗೊತ್ತಿರಲಿಲ್ಲ.

ಪ್ಲಗ್ ಕಿತ್ತು, ಮಷೀನಿನ ಸ್ವಿಚ್ ಆನ್‌ನಲ್ಲೇ ಬಿಟ್ಟು, ಮಲ್ಟಿಮೀಟರಿನ ಒಂದು ತುದಿಯನ್ನು ಪ್ಲಗ್‌ನ ದಪ್ಪ ಅರ್ಥ್ ಪಿನ್‌ಗೆ, ಇನ್ನೊಂದನ್ನು ಉಳಿದ ಎರಡು ಪಿನ್‌ಗಳಿಗೆ ಒಂದೊಂದಾಗಿ ಹಿಡಿದೆವು. ಮೆಗಾಓಮ್ ರೇಂಜ್‌ನಲ್ಲಿ ಮೀಟರ್ ಸಂಪರ್ಕವೇ ಇಲ್ಲ ಎಂದು ತೋರಿಸಬೇಕು. ಇಲ್ಲಿ ಸಂಖ್ಯೆ ಬಂತು, ಅದೂ ಕಡಿಮೆ. ಈ ಪರೀಕ್ಷೆಯನ್ನು ಮಷೀನ್ ಬಿಸಿ ಇರುವಾಗಲೇ ಮಾಡಿ. ತಣ್ಣಗಿರುವಾಗ ಚೆನ್ನಾಗಿ ಕಂಡ ಹೀಟರ್ ಕಾದ ಮೇಲೆ ಸೋರಬಹುದು. ಗುರುತಿನ ಎಲೆಕ್ಟ್ರಿಷಿಯನ್ ಹತ್ತಿರ ಇಂಥ ಸೋರಿಕೆ ಹಿಡಿಯುವ ಮೆಗ್ಗರ್ ಎಂಬ ಮೀಟರ್ ಇದ್ದರೆ ಇನ್ನೂ ಒಳ್ಳೇದು, ಅದು ಹೆಚ್ಚು ವೋಲ್ಟೇಜ್ ಕೊಟ್ಟು ನೋಡುತ್ತದೆ.

ಕೆಲವೊಮ್ಮೆ ಬಾಯ್ಲರ್ ಗ್ಯಾಸ್ಕೆಟ್ ಸೋರಿ, ಹೀಟರ್ ತುದಿಗಳ ಮೇಲೆ ನೀರು ಬಿದ್ದು ಹೀಗಾಗುತ್ತದೆ. ಗ್ಯಾಸ್ಕೆಟ್ ಬದಲಿಸಿ ಒಣಗಿಸಿದರೆ ಸರಿಹೋಗುವುದೂ ಉಂಟು. ಆದರೆ ಬೆಲೆ ಮಾತಾಡುವಾಗ ಬಾಯ್ಲರ್ ಹೋಗಿದೆ ಎಂದೇ ಲೆಕ್ಕ ಹಾಕಿ. ಹೊಸ ಬಾಯ್ಲರ್, ಅದನ್ನು ತರಿಸುವ ಖರ್ಚು, ಕೂಲಿ ಎಲ್ಲ ಕಳೆದ ಮೇಲೆ ಎಷ್ಟು ಉಳಿಯುತ್ತದೋ ಅಷ್ಟೇ ಆ ಮಷೀನಿನ ಬೆಲೆ. ನಾವು ಆ ಲೆಕ್ಕ ಅವರ ಮುಂದೆಯೇ ಮಾಡಿದೆವು. ಉಳಿದದ್ದು ಅವರು ಕೇಳಿದ್ದಕ್ಕಿಂತ ತುಂಬಾ ಕಡಿಮೆ. ಕೊಳ್ಳದೆ ಬಂದೆವು, ಆದರೆ ಅಡಾಪ್ಟರ್ ಹಾಕಿ ಇನ್ನು ಬಳಸಬೇಡಿ ಎಂದು ಬಿಡಿಸಿ ಹೇಳಿ ಬಂದೆವು.

ಇನ್ನು ನೀರು. ಮನೆಯಲ್ಲಿ ಯಾವ ನೀರು ಹಾಕುತ್ತಿದ್ದಿರಿ ಎಂದು ಕೇಳಿ. ಕಾವೇರಿ ನೀರಾ, ಬೋರ್‌ವೆಲ್ಲಾ, ಟ್ಯಾಂಕರ್ರಾ? ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳ ನೋಡಿದವರಿಗೆ ಬಾಯ್ಲರ್ ಒಳಗೆ ಏನು ಕಟ್ಟಿರುತ್ತದೆ ಎಂದು ಹೇಳಬೇಕಿಲ್ಲ. ಅದು ಎಷ್ಟು ಕಟ್ಟಿದೆ ಎಂದು ತಿಳಿಯಲು ಎರಡು ಪರೀಕ್ಷೆ ಮಾಡುತ್ತೇನೆ.

ಮೊದಲನೆಯದು ಹರಿವು. ಕಾಫಿ ಪುಡಿ ಹಾಕುವ ಹಿಡಿಕೆ ತೆಗೆದು, ಕೆಳಗೆ ಅಳತೆ ಲೋಟ ಇಟ್ಟು, 30 ಸೆಕೆಂಡ್ ನೀರು ಬಿಡಿ. ನನ್ನ ಅಂದಾಜಿನಲ್ಲಿ 200 ಮಿಲಿಲೀಟರ್ ಹತ್ತಿರ ಬಂದರೆ ಚಿಂತೆಯಿಲ್ಲ. ಅದರ ಅರ್ಧವೂ ಬರದಿದ್ದರೆ ದಾರಿ ಕಟ್ಟಿದೆ, ಇಲ್ಲವೇ ಪಂಪು ಸೋತಿದೆ. ಪಂಪು ಬದಲಿಸುವುದು ಸುಲಭ, ಕಟ್ಟಿದ ಬಾಯ್ಲರ್ ಬಿಡಿಸುವುದು ಕಷ್ಟ.

ಎರಡನೆಯದಕ್ಕೆ ತೂತಿಲ್ಲದ ಬಾಸ್ಕೆಟ್ ಬೇಕು. ಬಾಸ್ಕೆಟ್ ಅಂದರೆ ಹಿಡಿಕೆಯೊಳಗೆ ಕೂರುವ, ಪುಡಿ ತುಂಬುವ ಲೋಹದ ಬಟ್ಟಲು. ಇಲ್ಲದಿದ್ದರೆ ಇರುವ ಬಾಸ್ಕೆಟ್ ಒಳಗೆ ಕೂರುವ ರಬ್ಬರ್ ಬಿಲ್ಲೆಯಾದರೂ ಸಾಕು. ಹಾಕಿ ಪಂಪ್ ಆನ್ ಮಾಡಿ. ಒತ್ತಡ ಏರುತ್ತಿದ್ದಂತೆ ಪಂಪಿನ ದನಿ ಬದಲಾಗಬೇಕು. ನೀರಿನ ಟ್ಯಾಂಕಿಗೆ ಇಳಿದಿರುವ ಎರಡು ಕೊಳವೆಗಳಲ್ಲಿ ಒಂದರಿಂದ ನೀರು ವಾಪಸ್ ಬರುವುದು ಕಾಣಬೇಕು. ಹತ್ತು ಸೆಕೆಂಡ್ ಬಿಟ್ಟು ಆಫ್ ಮಾಡಿ. ಆಫ್ ಮಾಡಿದ ಕೂಡಲೇ ಪಕ್ಕದ ಸಣ್ಣ ಲೋಹದ ಕೊಳವೆಯಿಂದ ಟ್ರೇಗೆ ಪುಸ್ಸೆಂದು ನೀರು ಹಾರಬೇಕು. ಒತ್ತಡ ಬಿಡುವ ಸೊಲೆನಾಯ್ಡ್ ವಾಲ್ವ್ ಸರಿ ಇದೆ ಎಂಬುದಕ್ಕೆ ಆ ಸದ್ದೇ ಗುರುತು. ಸದ್ದು ಬರದಿದ್ದರೆ ಹಿಡಿಕೆಗೆ ಕೈ ಹಾಕಬೇಡಿ. ಒಳಗೆ ಒತ್ತಡ ಹಾಗೇ ಇರುತ್ತದೆ, ಬಿಸಿ ನೀರು ಮುಖಕ್ಕೆ ಸಿಡಿಯುತ್ತದೆ. ಸ್ಟೀಮ್ ಬಿಡುವ ನಲ್ಲಿಯನ್ನು ತಿರುಗಿಸಿ ಒತ್ತಡ ಇಳಿಸಿ, ಆರಲು ಬಿಟ್ಟು, ಆಮೇಲೆ ನಿಧಾನವಾಗಿ ತೆಗೆಯಿರಿ.

ವಾಲ್ವ್ ಕಟ್ಟಿರುವುದು ಸುಣ್ಣದಿಂದಲೂ ಇರಬಹುದು, ಕಾಫಿಯಿಂದಲೂ ಇರಬಹುದು. ಒಪ್ಪಿಗೆ ಕೇಳಿ, ಹಿಡಿಕೆ ಸಿಕ್ಕಿಸುವ ಜಾಗದಲ್ಲಿ ಮೇಲಿರುವ ಜಾಲರಿಯ ಸ್ಕ್ರೂ ಬಿಚ್ಚಿ ನೋಡಿ. ಹಿಂದೆ ಕಪ್ಪು ಅಂಟು ಮೆತ್ತಿಕೊಂಡಿದ್ದರೆ ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿ ಪುಡಿ ಬಳಸಿರಬಹುದು, ಅಥವಾ ತೊಳೆದೇ ಇರಲಿಕ್ಕಿಲ್ಲ. ಅದು ಉಜ್ಜಿದರೆ ಹೋಗುತ್ತದೆ. ಬಿಳಿ ಗಟ್ಟಿ ಪದರ, ಲೋಹ ತಿಂದು ಹಾಕಿದ ಗುಳಿಗಳು ಕಂಡರೆ ಅದು ಬೇರೆ ಮಾತು. "ತಂದು ಒಂದು ಸಲ ಡೀಸ್ಕೇಲ್ ಮಾಡಿದ್ರೆ ಸರಿಹೋಗುತ್ತೆ" ಅಂತಾರೆ. ಪದರ ದಪ್ಪಗಿದ್ದರೆ ಅದು ಚೂರುಚೂರಾಗಿ ಎದ್ದು ಇದೇ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥ ಬಾಯ್ಲರನ್ನು ಬಿಚ್ಚಿಯೇ ತೊಳೆಯಬೇಕು.

ಹಿಡಿಕೆ ಸುತ್ತ ನೀರು ಸೋರಿದರೆ ಗಾಬರಿ ಬೇಡ, ಹಿಡಿಕೆ ಕೂರುವ ಜಾಗದ ಗ್ರೂಪ್ ಗ್ಯಾಸ್ಕೆಟ್ ಅಗ್ಗದ ರಬ್ಬರ್. ಸ್ಟೀಮ್ ಸ್ವಲ್ಪ ಹೊತ್ತಿಗೇ ಸೋಲುವುದು ಕೂಡ ಇಷ್ಟು ಚಿಕ್ಕ ಬಾಯ್ಲರ್‌ನಲ್ಲಿ ಸಹಜ. ನಲ್ಲಿ ಮುಚ್ಚಿದ ಮೇಲೂ ತೊಟ್ಟಿಕ್ಕುತ್ತಿದ್ದರೆ ಮಾತ್ರ ಬೆಲೆಯಲ್ಲಿ ಕಳೆಯಿರಿ. ಮಾರುವವರು ಮಾಡಿ ತೋರಿಸುವ ಕಾಫಿಯ ದಟ್ಟ ನೊರೆ ನೋಡಿ ಒಪ್ಪಿಬಿಡಬೇಡಿ. ಎರಡು ಪದರದ, ತಳದಲ್ಲಿ ಒಂದೇ ತೂತಿರುವ ಬಾಸ್ಕೆಟ್ ಹಾಕಿದರೆ ಎಂಥ ಪುಡಿಗೂ ನೊರೆ ಬರುತ್ತದೆ.

ರಿಫರ್ಬಿಶ್ಡ್ ಅಂದರೆ ನಾನು ಕೇಳುವುದು ಇಷ್ಟೇ: ಯಾವ ಭಾಗ ಬದಲಿಸಿದಿರಿ, ಹಳೆಯದು ಇದೆಯಾ, ವಾರಂಟಿಯಲ್ಲಿ ಬಾಯ್ಲರ್ ಸೇರಿದೆಯಾ? ತೊಳೆದು ಗ್ಯಾಸ್ಕೆಟ್ ಹಾಕಿದ್ದಷ್ಟೇ ಆದರೆ ಅದಕ್ಕೆ ತಕ್ಕ ಬೆಲೆ ಕೊಡಿ.

ಗ್ರೈಂಡರ್ ವಿಚಾರದಲ್ಲಿ ನನಗೆ ಇಷ್ಟು ಭಯವಿಲ್ಲ. ಒಳಗೆ ನೀರಿಲ್ಲ, ಬಾಯ್ಲರಿಲ್ಲ. ಒಳ್ಳೆಯ ಮೋಟಾರಿನ ಹಳೆ ಗ್ರೈಂಡರ್‌ಗೆ ಹೊಸ ಬರ್, ಅಂದರೆ ಬೀನ್ಸ್ ಅರೆಯುವ ಹಲ್ಲಿನ ಬಿಲ್ಲೆಗಳನ್ನು, ಹಾಕಿದರೆ ಬಹುಪಾಲು ಹೊಸದರ ಹಾಗೇ ಕೆಲಸ ಮಾಡುತ್ತದೆ. ಆದರೆ ಆ ಬರ್ ಇಲ್ಲಿ ಸಿಗುತ್ತದಾ ಎಂದು ಮೊದಲೇ ವಿಚಾರಿಸಿ. ಸಿಗದಿದ್ದರೆ ಬಿಟ್ಟುಬಿಡಿ.

ನಿಮ್ಮದೇ ಬೀನ್ಸ್ ಒಯ್ಯಿರಿ. ಮೊದಲು ಮೂಗು ಹಾಕಿ ವಾಸನೆ ನೋಡಿ. ನಮ್ಮ ಮನೆಗಳಲ್ಲಿ ಕಾಫಿ ಗ್ರೈಂಡರ್‌ನಲ್ಲೇ ಮೆಣಸು, ಧನಿಯಾ ಪುಡಿ ಮಾಡಿರುವುದುಂಟು, ಆ ಘಾಟು ಸುಲಭಕ್ಕೆ ಬಿಡುವುದಿಲ್ಲ. ಆಮೇಲೆ ಖಾಲಿ ಗ್ರೈಂಡರ್ ಓಡಿಸುತ್ತಾ ನಿಧಾನವಾಗಿ ನುಣುಪಿನ ಕಡೆಗೆ ತಿರುಗಿಸಿ. ಬರ್‌ಗಳು ಒಂದಕ್ಕೊಂದು ತಾಗಿ ಚಿರ್ ಎನ್ನುವ ಜಾಗ ಬಂದ ಕೂಡಲೇ ಹಿಂದಕ್ಕೆ ತನ್ನಿ. ಆ ಜಾಗದಿಂದ ಸಾಕಷ್ಟು ಹಿಂದೆಯೇ ಎಸ್ಪ್ರೆಸೊಗೆ ಬೇಕಾದ ಪುಡಿ ಬಂದರೆ ಬರ್ ಚೆನ್ನಾಗಿದೆ. ಅದಕ್ಕೆ ಅಂಟಿಕೊಂಡೇ ಓಡಿಸಬೇಕಾದರೆ ಸವೆದಿದೆ, ಅಥವಾ ಸೊಟ್ಟಗೆ ಕೂತಿದೆ.

ಪ್ಲಗ್ ಕಿತ್ತು ಮೇಲಿನ ಬರ್ ಬಿಚ್ಚಿ, ಹಲ್ಲಿನ ಅಂಚಿನ ಮೇಲೆ ಉಗುರು ಎಳೆಯಿರಿ. ಹರಿತವಾದ ಅಂಚು ಉಗುರನ್ನು ಸಣ್ಣಗೆ ಕೆರೆಯುತ್ತದೆ. ಸವೆದದ್ದರ ಮೇಲೆ ಉಗುರು ಜಾರಿಹೋಗುತ್ತದೆ. ಬೆಳಕಿಗೆ ಹಿಡಿದಾಗ ಅಂಚಿನುದ್ದಕ್ಕೂ ಬಿಳಿ ಗೆರೆ ಹೊಳೆದರೂ ಸವೆದಿದೆ ಎಂದೇ ಅರ್ಥ. ಒಂದೇ ಕಡೆ ಹಲ್ಲು ಚಕ್ಕೆ ಎದ್ದಿದ್ದರೆ ಬೀನ್ಸ್ ಜೊತೆ ಕಲ್ಲು ಸಿಕ್ಕಿರಬಹುದು. ಆಗ ಹೊಸ ಬರ್‌ನ ದುಡ್ಡು ಕಳೆದು ಮಾತಾಡಿ. ಕೈಯಲ್ಲಿ ತಿರುಗಿಸಿದಾಗ ಕೆಳಗಿನ ಬರ್ ಅಲ್ಲಾಡಿದರೆ ಬೇರಿಂಗ್ ಹೋಗಿದೆ, ಅಂಥದ್ದನ್ನು ನಾನು ಅಲ್ಲೇ ಬಿಟ್ಟು ಬರುತ್ತೇನೆ.