ಗ್ರಾಫಿನ ಸ್ಕ್ರೀನ್‌ಶಾಟ್‌ನಲ್ಲಿ ಸೊನ್ನೆ ಎಲ್ಲಿದೆ?

"ಮೇಡಂ, ಪ್ರಾಕ್ಟಿಕಲ್‌ದು ಗ್ರಾಫ್ ಸ್ಕ್ರೀನ್‌ಶಾಟ್ ಮಾತ್ರ ಇದೆ, ರೀಡಿಂಗ್ ಸೇವ್ ಮಾಡಿಲ್ಲ. ಇದ್ರಲ್ಲೇ ಹಾಫ್ ಲೈಫ್, ಆರ್ಡರ್ ಎರಡೂ ಹೇಗೆ ತೆಗೆಯೋದು?"

ತೆಗೆಯಬಹುದು. ಸಾರತೆ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತೇ ಹಾಫ್ ಲೈಫ್, ಅಂದರೆ ಅರ್ಧಾಯು; ಕ್ರಿಯೆಯ ವೇಗ ಸಾರತೆಯನ್ನು ಹೇಗೆ ಅವಲಂಬಿಸಿದೆ ಎಂದು ಹೇಳುವುದು ಆರ್ಡರ್. ಆದರೆ ಸ್ಕೇಲು ಹಿಡಿಯುವ ಮೊದಲು ಚಿತ್ರದ ಎಡಗಡೆ ಕೆಳಮೂಲೆಯನ್ನೊಮ್ಮೆ ನೋಡಿ. ಅಲ್ಲಿ ಸಾರತೆಯ ಅಕ್ಷ ಎಷ್ಟರಿಂದ ಶುರುವಾಗಿದೆ? ಸೊನ್ನೆಯಿಂದಲೋ, ಬೇರೆ ಯಾವುದಾದರೂ ಅಂಕಿಯಿಂದಲೋ? ನನ್ನ ಹತ್ತಿರ ತಪ್ಪು ಉತ್ತರ ಹಿಡಿದು ಬರುವವರಲ್ಲಿ ಹೆಚ್ಚಿನವರು ಎಡವಿರುವುದು ಇದೇ ಮೂಲೆಯಲ್ಲಿ.

ಕಳೆದ ಸೆಮಿಸ್ಟರ್‌ನಲ್ಲಿ ನಡೆದ ಒಂದನ್ನೇ ಬಿಡಿಸಿ ಹೇಳುತ್ತೇನೆ. ಪ್ರಯೋಗ ಕ್ರಿಸ್ಟಲ್ ವಯಲೆಟ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್‌ನದು. ಬಾಯಿಹುಣ್ಣಿಗೆ, ಗಾಯಕ್ಕೆ ಹಚ್ಚುತ್ತಿದ್ದ ಆ ನೇರಳೆ ಔಷಧಿ ಇದೆಯಲ್ಲ, ಅದೇ ಬಣ್ಣ. ಕ್ಷಾರ ಸೇರಿದರೆ ನಿಧಾನಕ್ಕೆ ಬಣ್ಣ ಕಳೆದುಕೊಳ್ಳುತ್ತದೆ. ಎಷ್ಟು ಬಣ್ಣ ಉಳಿದಿದೆ ಎಂದು ಕಲರಿಮೀಟರ್ ಅಳೆಯುತ್ತಾ ಹೋಗುತ್ತದೆ, ಪಕ್ಕದ ಲ್ಯಾಪ್‌ಟಾಪ್‌ನಲ್ಲಿ ಗ್ರಾಫ್ ತಾನಾಗಿಯೇ ಮೂಡುತ್ತದೆ. ಬಣ್ಣದ ಸಾರತೆ 10 ಮೈಕ್ರೋಮೋಲಾರ್‌ನಿಂದ ಶುರು, ಕ್ಷಾರ 0.02 ಮೋಲಾರ್. ಏಳು ನಿಮಿಷಕ್ಕೆ ನಿಲ್ಲಿಸಿ, ಸ್ಕ್ರೀನ್‌ಶಾಟ್ ಹೊಡೆದು, ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. "ಝೀರೋ ಆರ್ಡರ್ ಮೇಡಂ" ಅಂದಳು, ಅನುಮಾನವೇ ಇಲ್ಲದ ದನಿಯಲ್ಲಿ.

ಅವಳು ಮಾಡಿದ್ದು ಇಷ್ಟು. ಗೆರೆ ಶುರುವಾಗುವ ಎತ್ತರದಿಂದ ಚಿತ್ರದ ತಳದವರೆಗೆ ಒಂದು ಕಾಗದದ ಪಟ್ಟಿ ಇಟ್ಟು, ಅದನ್ನು ಅರ್ಧಕ್ಕೆ ಮಡಚಿ, ಆ ಮಡಿಕೆಯ ಎತ್ತರಕ್ಕೆ ಗೆರೆ ಇಳಿಯುವ ಹೊತ್ತನ್ನು ಓದಿದ್ದಳು: 2.2 ನಿಮಿಷ. ಪಟ್ಟಿಯನ್ನು ಮತ್ತೊಮ್ಮೆ ಮಡಚಿದಾಗ 4 ನಿಮಿಷ ಬಂತು. ಅಂದರೆ ಮೊದಲ ಅರ್ಧಾಯು 2.2, ಎರಡನೆಯದು ಸುಮಾರು 1.8. ಅರ್ಧಾಯು ಕಡಿಮೆಯಾಗುತ್ತಾ ಹೋದರೆ ಝೀರೋ ಆರ್ಡರ್ ಎಂದು ನೋಟ್ಸಲ್ಲಿದೆ, ಬರೆದುಕೊಂಡಳು. ಮಡಚಿದ್ದರಲ್ಲಿ ತಪ್ಪಿರಲಿಲ್ಲ, ಓದಿದ್ದರಲ್ಲೂ ಇರಲಿಲ್ಲ. ಆದರೆ ಆ ಚಿತ್ರದ ತಳ ಸೊನ್ನೆಯಲ್ಲ, 2. ಸಾಫ್ಟ್‌ವೇರ್ ಜಾಗ ಉಳಿಸಲಿಕ್ಕೆ ಅಕ್ಷವನ್ನು ಕಡೆಯ ರೀಡಿಂಗ್‌ನ ಹತ್ತಿರಕ್ಕೇ ಕತ್ತರಿಸಿತ್ತು. ಅವಳ ಮೊದಲ ಮಡಿಕೆ ಬಿದ್ದದ್ದು 5ರ ಮೇಲಲ್ಲ, 10 ಮತ್ತು 2ರ ನಡುವಿನ 6ರ ಮೇಲೆ. ಎರಡನೆಯದು 2.5ರ ಬದಲು 4ರ ಮೇಲೆ. ಕಣ್ಣಿಗೆ ಕಾಣುವ ಅರ್ಧ ಎತ್ತರ ಬೇರೆ, ಅರ್ಧ ಸಾರತೆ ಬೇರೆ.

ಹಾಗಾಗಿ ಪಟ್ಟಿ ಬಿಟ್ಟು ಲೆಕ್ಕಕ್ಕೆ ಕೂತೆವು. ಸ್ಕ್ರೀನ್‌ಶಾಟನ್ನು ಪೇಂಟ್‌ನಲ್ಲಿ ತೆರೆದರೆ, ಕರ್ಸರ್ ಎಲ್ಲಿಟ್ಟರೆ ಅಲ್ಲಿನ ಪಿಕ್ಸೆಲ್ ಅಂಕಿ ಕೆಳಗಿನ ಪಟ್ಟಿಯಲ್ಲಿ ಕಾಣುತ್ತದೆ. ಎರಡನೇ ಅಂಕಿ ಮೇಲಿನಿಂದ ಕೆಳಕ್ಕೆ ಎಣಿಕೆಯಾಗುತ್ತದೆ, ಅದೊಂದು ನೆನಪಿರಲಿ. ಪ್ರತಿ ಅಕ್ಷದ ಮೇಲೂ ಅಂಕಿ ಬರೆದಿರುವ ಎರಡು ಗುರುತುಗಳು ಸಾಕು, ಆದಷ್ಟು ದೂರದೂರದವು. ಅವಳ ಚಿತ್ರದಲ್ಲಿ 10ರ ಗುರುತು 120ರಲ್ಲಿ, 2ರ ಗುರುತು 760ರಲ್ಲಿ. 640 ಪಿಕ್ಸೆಲ್‌ಗೆ 8 ಮೈಕ್ರೋಮೋಲಾರ್, ಅಂದರೆ ಒಂದಕ್ಕೆ 80 ಪಿಕ್ಸೆಲ್. ಅಡ್ಡಕ್ಕೆ ಸೊನ್ನೆ ನಿಮಿಷ 100ರಲ್ಲಿ, 7 ನಿಮಿಷ 800ರಲ್ಲಿ.

```
C = 10 - (y - 120) / 80
t = (x - 100) / 100
```

ಈಗ 5 ಮೈಕ್ರೋಮೋಲಾರ್ ಎಲ್ಲಿ ಬರಬೇಕು? 520ರ ಎತ್ತರದಲ್ಲಿ. ಕರ್ಸರನ್ನು ಆ ಎತ್ತರದಲ್ಲೇ ಬಲಕ್ಕೆ ಸರಿಸಿದರೆ ಗೆರೆ ಸಿಕ್ಕಿದ್ದು 400ರಲ್ಲಿ, ಅಂದರೆ 3 ನಿಮಿಷ. 2.5ರ ಎತ್ತರ 720, ಅಲ್ಲಿ ಗೆರೆ 700ರಲ್ಲಿ, ಅಂದರೆ 6 ನಿಮಿಷ. ಮೊದಲ ಅರ್ಧಕ್ಕೆ 3 ನಿಮಿಷ, ಮುಂದಿನ ಅರ್ಧಕ್ಕೂ 3 ನಿಮಿಷ. ಅರ್ಧಾಯು ಬದಲಾಗದಿದ್ದರೆ ಫಸ್ಟ್ ಆರ್ಡರ್.

ಇಷ್ಟಕ್ಕೇ ಮುಗಿಸಬೇಡಿ ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ದ್ರಾವಣ ಬೆರೆಸಿ, ಕ್ಯುವೆಟ್‌ಗೆ ಸುರಿದು, ಮುಚ್ಚಳ ಹಾಕುವಷ್ಟರಲ್ಲಿ ಹತ್ತಿಪ್ಪತ್ತು ಸೆಕೆಂಡ್ ಹೋಗಿರುತ್ತದೆ. ಗುಳ್ಳೆಗಳೂ ಇರುತ್ತವೆ. ಹಾಗಾಗಿ ಗ್ರಾಫಿನಲ್ಲಿ ಎಲ್ಲಕ್ಕಿಂತ ನಂಬಲಾಗದ ಬಿಂದು ಎಂದರೆ ಮೊದಲನೆಯದೇ, ನಾವು ಪೂಜೆ ಮಾಡುವುದೂ ಅದನ್ನೇ. ಅರ್ಧಾಯುವನ್ನು ಸೊನ್ನೆ ನಿಮಿಷದಿಂದಲೇ ಅಳೆಯಬೇಕೆಂದು ಯಾವ ನಿಯಮವೂ ಇಲ್ಲ. ಗೆರೆಯ ಮೇಲೆ ಎಲ್ಲಿಂದ ಬೇಕಾದರೂ ಶುರು ಮಾಡಿ, ಅದರ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು ನೋಡಿ. ಅವಳ ಗ್ರಾಫಿನಲ್ಲಿ 8ರಿಂದ 4ಕ್ಕೆ ಇಳಿದದ್ದು 0.97ರಿಂದ 3.97 ನಿಮಿಷದೊಳಗೆ. 6ರಿಂದ 3ಕ್ಕೆ 2.21ರಿಂದ 5.21ರೊಳಗೆ. ಎಲ್ಲಿ ಹಿಡಿದರೂ ಮೂರೇ ನಿಮಿಷ.

ಇದೇ ಕ್ರಿಯೆ ಸೆಕೆಂಡ್ ಆರ್ಡರ್ ಆಗಿದ್ದಿದ್ದರೆ 10ರಿಂದ 5ಕ್ಕೆ 3 ನಿಮಿಷ ಹಿಡಿದದ್ದು, 8ರಿಂದ 4ಕ್ಕೆ 3.75, 6ರಿಂದ 3ಕ್ಕೆ 5 ನಿಮಿಷ ಹಿಡಿಯುತ್ತಿತ್ತು. ಝೀರೋ ಆರ್ಡರ್ ಆಗಿದ್ದಿದ್ದರೆ 3, 2.4, 1.8. ಮೊದಲನೆಯ ಅಂಕಿ ಮೂರರಲ್ಲೂ ಒಂದೇ ಎಂಬುದನ್ನು ಗಮನಿಸಿ. ಅದಕ್ಕೇ ಒಂದು ಅರ್ಧಾಯು ಮಾತ್ರ ಹಿಡಿದಿರುವ ಗ್ರಾಫ್ ತಂದು ಆರ್ಡರ್ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. 10ರಿಂದ 5ಕ್ಕೆ ಇಳಿಯುವ ಆ ಮೂರು ನಿಮಿಷದ ಸರಿಮಧ್ಯದಲ್ಲಿ, 1.5 ನಿಮಿಷಕ್ಕೆ, ಫಸ್ಟ್ ಆರ್ಡರ್ ಗೆರೆ 7.07ರಲ್ಲಿರುತ್ತದೆ, ಸೆಕೆಂಡ್ ಆರ್ಡರ್ ಗೆರೆ 6.67ರಲ್ಲಿ. ವ್ಯತ್ಯಾಸ ಬರೀ 0.4. ರೀಡಿಂಗ್ ಅತ್ತಿತ್ತ 0.2 ಜಿಗಿಯುತ್ತಿದ್ದರೆ ಇವೆರಡನ್ನು ಬೇರೆ ಮಾಡುವುದು ಕಷ್ಟ. ಲಾಗ್ ತೆಗೆದು ಗೆರೆ ಎಳೆದರೂ ಅಷ್ಟೇ. ಅಷ್ಟು ಚಿಕ್ಕ ತುಂಡಿನಲ್ಲಿ ಎಲ್ಲವೂ ನೇರವಾಗಿಯೇ ಕಾಣುತ್ತವೆ. ಸಾರತೆ ಕಾಲು ಭಾಗಕ್ಕೆ ಇಳಿಯುವವರೆಗಾದರೂ ಪ್ರಯೋಗ ಓಡಲಿ, ಸಾಧ್ಯವಾದರೆ ಎಂಟನೇ ಒಂದಕ್ಕೆ.

ಅಂದಹಾಗೆ, ಅಕ್ಷದ ಮೇಲೆ ಮೈಕ್ರೋಮೋಲಾರ್ ಎಂದು ಬರೆದಿರಲೇಬೇಕೆಂದಿಲ್ಲ. ಅಬ್ಸಾರ್ಬೆನ್ಸ್ ಇದ್ದರೂ ನಡೆಯುತ್ತದೆ, ಏಕೆಂದರೆ ತೆಳು ದ್ರಾವಣದಲ್ಲಿ ಅದು ಸಾರತೆಗೆ ಅನುಪಾತದಲ್ಲೇ ಇರುತ್ತದೆ, ಅರ್ಧ ಎಂದರೆ ಎರಡರಲ್ಲೂ ಅರ್ಧವೇ. ಏಕಮಾನ ಗೊತ್ತಿಲ್ಲದೆ ಅರ್ಧಾಯು ಸಿಗುತ್ತದೆ, ಸೊನ್ನೆ ಗೊತ್ತಿಲ್ಲದೆ ಸಿಗುವುದಿಲ್ಲ. ಎಡಗಡೆಯ ಅಂಕಿಗಳನ್ನೆಲ್ಲ ಕ್ರಾಪ್ ಮಾಡಿ ಕಳಿಸುವವರು ಇದನ್ನು ದಯವಿಟ್ಟು ಎರಡು ಸಲ ಓದಿ. ಚಿತ್ರ ಉದ್ದಕ್ಕೋ ಅಡ್ಡಕ್ಕೋ ಎಳೆದು ಹಿಗ್ಗಿದ್ದರೆ ಪರವಾಗಿಲ್ಲ, ಗುರುತುಗಳೂ ಜೊತೆಗೇ ಹಿಗ್ಗಿರುತ್ತವೆ. ಆದರೆ ಲ್ಯಾಪ್‌ಟಾಪ್ ಪರದೆಯನ್ನು ಮೊಬೈಲಿನಲ್ಲಿ ಓರೆಯಾಗಿ ಹಿಡಿದು ತೆಗೆದ ಫೋಟೋ ಬೇಡ. ಅದರಲ್ಲಿ ಒಂದು ಪಕ್ಕದ ನಿಮಿಷ ಇನ್ನೊಂದು ಪಕ್ಕದ ನಿಮಿಷಕ್ಕಿಂತ ಗಿಡ್ಡ.

ಇನ್ನೊಂದು ಸೊನ್ನೆ ಇದೆ, ಅದು ಅಕ್ಷದಲ್ಲಿ ಕಾಣುವುದಿಲ್ಲ. ಕ್ರಿಸ್ಟಲ್ ವಯಲೆಟ್ ಕೈಗೆ ಹೇಗೆ ಅಂಟುತ್ತದೋ ಹಾಗೆಯೇ ಕ್ಯುವೆಟ್‌ನ ಒಳಗೋಡೆಗೂ ಅಂಟುತ್ತದೆ. ಹಿಂದಿನ ಬ್ಯಾಚಿನವರು ಸರಿಯಾಗಿ ತೊಳೆಯದೆ ಇಟ್ಟ ಕ್ಯುವೆಟ್‌ಗೆ ನೀರು ತುಂಬಿ ನೋಡಿ, ತೆಳುನೇರಳೆ ಛಾಯೆ ಕಾಣುತ್ತದೆ. ಕ್ರಿಯೆ ಪೂರ್ತಿ ಮುಗಿದರೂ ಮೀಟರ್ ಆ ಛಾಯೆಯನ್ನು ತೋರಿಸುತ್ತಲೇ ಇರುತ್ತದೆ. ಹಾಗಾದಾಗ ಏನಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿದ್ದೆ. ತೋರಿಸುವ 10ರಲ್ಲಿ 1 ಬರೀ ಕಲೆಯದು, ನಿಜವಾದ ಅರ್ಧಾಯು 3 ನಿಮಿಷ ಎಂದಿಟ್ಟುಕೊಳ್ಳಿ. ಗ್ರಾಫಿನಿಂದ ಓದಿದರೆ ಸಿಗುವ ಅರ್ಧಾಯುಗಳು ಸುಮಾರು 3.5, 4.25, ಆಮೇಲೆ ಒಮ್ಮೆಗೇ 7.75. ಹೆಚ್ಚಾಗುತ್ತಿದೆಯಲ್ಲ, ಸೆಕೆಂಡ್ ಆರ್ಡರ್ ಎಂದು ಬರೆದುಬಿಡುತ್ತಾರೆ. ನಿಜವಾದ ಸೆಕೆಂಡ್ ಆರ್ಡರ್‌ನಲ್ಲಿ ಪ್ರತಿ ಅರ್ಧಾಯು ಹಿಂದಿನದರ ಸರಿಯಾಗಿ ಎರಡರಷ್ಟಿರುತ್ತದೆ: 3.5, 7, 14. ಇಲ್ಲಿ ಮೊದಲ ಹೆಜ್ಜೆ ತೀರಾ ಚಿಕ್ಕದು. ಹೀಗೆ ಮೊದಲು ಮೆಲ್ಲಗೆ ಏರಿ ಆಮೇಲೆ ಜಿಗಿದರೆ ಆರ್ಡರನ್ನು ಬಿಟ್ಟು ಕ್ಯುವೆಟನ್ನು ಅನುಮಾನಿಸಿ. ಗೆರೆ ಕೊನೆಗೆ ಮಟ್ಟಸವಾಗಿ ನಿಂತ ಎತ್ತರ ಚಿತ್ರದಲ್ಲಿ ಕಾಣುತ್ತಿದ್ದರೆ ಅದನ್ನೇ ಸೊನ್ನೆ ಎಂದು ಹಿಡಿದು, ಎಲ್ಲ ಅಂಕಿಗಳಿಂದ ಕಳೆದು, ಮತ್ತೆ ಅಳೆಯಿರಿ. ಕಾಣದಿದ್ದರೆ ಕ್ಯುವೆಟನ್ನು ಸ್ಪಿರಿಟ್‌ನಲ್ಲಿ ತೊಳೆದು ಪ್ರಯೋಗವನ್ನೇ ಮತ್ತೆ ಮಾಡುವುದು ಲೇಸು.

ಮೀಥೈಲ್ ಅಸಿಟೇಟ್ ಪ್ರಯೋಗದವರಿಗೂ ಇದೇ ಮಾತು, ತಲೆಕೆಳಗಾಗಿ. ಅಲ್ಲಿ ಬ್ಯುರೆಟ್ ರೀಡಿಂಗ್ ಏರುತ್ತಾ ಹೋಗುತ್ತದೆ, ಏಕೆಂದರೆ ಅಳೆಯುವುದು ಹುಟ್ಟುತ್ತಿರುವ ಆಮ್ಲವನ್ನು. ಉಳಿದ ಮೀಥೈಲ್ ಅಸಿಟೇಟ್ ಎಂದರೆ ಕ್ರಿಯೆ ಪೂರ್ತಿ ಮುಗಿದ ಮೇಲಿನ ರೀಡಿಂಗ್‌ನಿಂದ ಆ ಹೊತ್ತಿನ ರೀಡಿಂಗ್ ಕಳೆದದ್ದು. ಆ ಗ್ರಾಫಿನ ಸೊನ್ನೆ ಇರುವುದು ಮೇಲೆ.

ಮತ್ತೆ ಆ ಹುಡುಗಿಯ ಕಥೆಗೆ ಬರೋಣ. ಫಸ್ಟ್ ಆರ್ಡರ್ ಎಂದು ತಿದ್ದಿಕೊಂಡು ಹೊರಟವಳನ್ನು ತಡೆದು, "ಯಾವುದರ ಆರ್ಡರ್?" ಎಂದು ಕೇಳಿದೆ. "ರಿಯಾಕ್ಷನ್‌ದು" ಅಂದಳು. ಅಲ್ಲ. ಅವಳ ಬೀಕರಿನಲ್ಲಿ ಕ್ಷಾರ ಬಣ್ಣದ 2000 ಪಟ್ಟು ಇತ್ತು. ಬಣ್ಣ ಪೂರ್ತಿ ಖಾಲಿಯಾದರೂ ಕ್ಷಾರ ಕಡಿಮೆಯಾದದ್ದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಆ ಗೆರೆ ಹೇಳಿದ್ದು ಬಣ್ಣದ ಆರ್ಡರ್ ಒಂದು ಎಂಬುದನ್ನಷ್ಟೇ. ಕ್ಷಾರದ ಸುದ್ದಿ ಆ ಸ್ಕ್ರೀನ್‌ಶಾಟ್‌ನಲ್ಲಿಲ್ಲ, ಎಷ್ಟು ಝೂಮ್ ಮಾಡಿದರೂ ಸಿಗುವುದಿಲ್ಲ. ಅದಕ್ಕೆ ಕ್ಷಾರವನ್ನು 0.04 ಮೋಲಾರ್ ಮಾಡಿ, ಉಳಿದದ್ದನ್ನೆಲ್ಲ ಹಾಗೇ ಇಟ್ಟು, ಇನ್ನೊಂದು ಗ್ರಾಫ್ ಬೇಕು. ಊಟದ ಬೆಲ್ ಆದಮೇಲೂ ಕೂತು ಮಾಡಿದಳು. ಅರ್ಧಾಯು ಒಂದೂವರೆ ನಿಮಿಷದ ಆಸುಪಾಸಿಗೆ ಇಳಿದಿತ್ತು. ಕ್ಷಾರ ಎರಡು ಪಟ್ಟಾದಾಗ ಅರ್ಧಾಯು ಅರ್ಧವಾಯಿತು ಎಂದರೆ ಕ್ಷಾರದ ಆರ್ಡರ್ ಕೂಡ ಒಂದು, ಒಟ್ಟು ಎರಡು. ಅರ್ಧಾಯುವಿನಿಂದ ನೇರವಾಗಿ ಸಿಗುವ ವೇಗ ಸ್ಥಿರಾಂಕ k', ಅದನ್ನು ಕ್ಷಾರದ ಸಾರತೆಯಿಂದ ಭಾಗಿಸಿದರೆ ಕ್ರಿಯೆಯ ವೇಗ ಸ್ಥಿರಾಂಕ k.

```
k' = 0.693 / 3.0 = 0.231 min^-1
k  = 0.231 / 0.02 = 11.6 M^-1 min^-1
```

ಎರಡನೇ ಗ್ರಾಫಿನಿಂದ ಲೆಕ್ಕ ಹಾಕಿದರೂ k ಇದರ ಹತ್ತಿರವೇ ಬರಬೇಕು, ಅವಳದ್ದು ಬಂತು. ಈ ಸಲ ಸ್ಕ್ರೀನ್‌ಶಾಟ್ ತೆಗೆಯುವ ಮೊದಲು ಅಕ್ಷದ ಸೆಟ್ಟಿಂಗ್‌ಗೆ ಹೋಗಿ ಕೆಳಗಿನ ಅಂಕಿಯನ್ನು ಸೊನ್ನೆ ಮಾಡಿಟ್ಟಿದ್ದಳು. ರೀಡಿಂಗ್‌ಗಳನ್ನು ಸೇವ್ ಮಾಡುವುದನ್ನು ಮಾತ್ರ ಮತ್ತೆ ಮರೆತಿದ್ದಳು.