ಫ್ರಿಜ್ಜಿನಲ್ಲಿ ಕೂತಿದ್ದ ಟ್ಯೂಬು

14 ನವೆಂಬರ್ 2024, ಗುರುವಾರ, ಬೆಳಗಿನ ಜಾವ 3.40

ಒಂದೂವರೆಗೆ ಲ್ಯಾಬ್ ತಣ್ಣಗಾದ ಮೇಲೆ ಟ್ರೇಯಲ್ಲಿ ಉಳಿದ ಚೀಟಿಗಳನ್ನು ತಿರುವಿ ಹಾಕುತ್ತಿದ್ದೆ. ಬೆಳಗಿನ ರೊಟೀನ್ ಕಟ್ಟಿನ ನಡುವೆ ಒಂದರ ಬೆನ್ನಿಗೆ ಕೆಂಪು ಮುದ್ರೆ: ಅರ್ಜೆಂಟ್. ಸೋಡಿಯಂ, ಪೊಟ್ಯಾಸಿಯಂ. ರಕ್ತ ತೆಗೆದದ್ದು ರಾತ್ರಿ 8.10ಕ್ಕೆ. ಟ್ಯೂಬು ಫ್ರಿಜ್ಜಿನಲ್ಲಿದೆ, ಸೆಂಟ್ರಿಫ್ಯೂಜ್‌ಗೂ ಹಾಕಿಲ್ಲ. ಶಿಫ್ಟ್ ಒಪ್ಪಿಸುವಾಗ ಟ್ಯೂಬು ಎಣಿಸುತ್ತಾರೆ; ಚೀಟಿಯ ಬೆನ್ನು ಯಾರು ನೋಡುತ್ತಾರೆ?

ಕೈ ಮೊದಲು ಹೋಗುವುದು ಸೆಂಟ್ರಿಫ್ಯೂಜ್ ಕಡೆಗೇ. ಹತ್ತು ನಿಮಿಷ ತಿರುಗಿಸಿ, ಮಷಿನ್‌ಗೆ ಕೊಟ್ಟು, ರಿಪೋರ್ಟ್ ಕಳಿಸಿಬಿಟ್ಟರೆ ಆಯಿತಲ್ಲ. ಆಗುವುದಿಲ್ಲ. ಪೊಟ್ಯಾಸಿಯಂ ಬಹುಪಾಲು ಇರುವುದು ರಕ್ತಕಣಗಳ ಒಳಗೆ. ಅದನ್ನು ಒಳಗೇ ಹಿಡಿದಿಡುವ ಪಂಪು ಚಳಿಗೆ ಮಂದವಾಗುತ್ತದೆ, ಪೊಟ್ಯಾಸಿಯಂ ನಿಧಾನಕ್ಕೆ ಕಣಗಳ ಹೊರಗಿನ ದ್ರವಕ್ಕೆ, ಅಂದರೆ ಸೀರಂಗೆ ಸೋರುತ್ತದೆ. ಕಣ ಒಡೆದಿದ್ದರೆ ಸೀರಂ ಕೆಂಪಗಾಗಿ ತಾನೇ ಹೇಳಿಬಿಡುತ್ತದೆ. ಈ ಸೋರಿಕೆಗೆ ಬಣ್ಣವಿಲ್ಲ. ಸೀರಂ ತಿಳಿ ಹಳದಿಯಾಗಿಯೇ ಇರುತ್ತದೆ, ಅಂಕಿ ಮಾತ್ರ ಸುಳ್ಳು. ಕೆಡದಿರಲಿ ಅಂತ ಫ್ರಿಜ್ಜಿಗಿಟ್ಟವರು ಈ ಪರೀಕ್ಷೆಯ ಮಟ್ಟಿಗೆ ಕೆಡಿಸಿಯೇ ಇಟ್ಟಿದ್ದರು.

ವಾರ್ಡಿಗೆ ಫೋನ್ ಮಾಡಿದೆ.

"ಸಿಸ್ಟರ್, ಎಂಟು ಗಂಟೆಯ ಸ್ಯಾಂಪಲ್ ಉಪಯೋಗಕ್ಕೆ ಬರಲ್ಲ. ಇನ್ನೊಂದು ತೆಗೀಬೇಕು."

"ಈಗ್ಲಾ ಸರ್? ಅಜ್ಜಿ ಈಗಷ್ಟೇ ನಿದ್ದೆ ಹೋಗಿದಾರೆ. ಇರೋದ್ರಲ್ಲೇ ನೋಡಿ ಹೇಳಿ."

"ಅದರಲ್ಲಿ ಬರೋ ನಂಬರ್ ನಂಬೋ ಹಾಗಿಲ್ಲ. ತಪ್ಪು ನಮ್ಮ ಕಡೆಯದೇ. ಡ್ರಿಪ್ ಇರೋ ಕೈ ಬಿಟ್ಟು ಇನ್ನೊಂದರಲ್ಲಿ ತೆಗೀರಿ. ಪಟ್ಟಿ ಬಹಳ ಹೊತ್ತು ಕಟ್ಟಬೇಡಿ, ಮುಷ್ಟಿ ಬಿಗಿ ಹಿಡಿದು ಬಿಡಿ ಅಂತ ಹೇಳಬೇಡಿ. ಹಸಿರು ಮುಚ್ಚಳದ್ದರಲ್ಲಿ ಕಳಿಸಿ."

ಹಸಿರು ಎಂದದ್ದು ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವುದಕ್ಕೆ. ರಕ್ತ ಹೆಪ್ಪುಗಟ್ಟಲಿ ಅಂತ ಅರ್ಧ ಗಂಟೆ ಕಾಯಬೇಕಾಗಿಲ್ಲ. ನೇರಳೆ ಮುಚ್ಚಳದ ಟ್ಯೂಬಿನಿಂದ ಇದಕ್ಕೆ ಸುರಿಯಬೇಡಿ ಅಂತಲೂ ಹೇಳಿದೆ. ಅದರೊಳಗೆ ಹಾಕಿರುವುದೇ ಪೊಟ್ಯಾಸಿಯಂ ಲವಣ.

ಹೊಸ ಸ್ಯಾಂಪಲ್‌ನಲ್ಲಿ ಪೊಟ್ಯಾಸಿಯಂ: 2.9. ಇರಬೇಕಾದದ್ದು ಕನಿಷ್ಠ 3.5. ಅಜ್ಜಿಗೆ ಎರಡು ದಿನದಿಂದ ವಾಂತಿ, ಜೊತೆಗೆ ನೀರು ಇಳಿಸುವ ಮಾತ್ರೆ. ಡ್ಯೂಟಿ ಡಾಕ್ಟರಿಗೆ ಫೋನಲ್ಲೇ ಹೇಳಿ, ಅಂಕಿಯನ್ನು ಅವರ ಬಾಯಲ್ಲಿ ಮತ್ತೆ ಹೇಳಿಸಿಕೊಂಡು, ಹೊತ್ತು ಬರೆದಿಟ್ಟೆ: 2.25.

ಹಳೆಯದನ್ನೂ ನೋಡಿದೆ, ರಿಪೋರ್ಟಿಗಲ್ಲ. 3.7.

ನಾರ್ಮಲ್! ಸುಳ್ಳು ಏರಿಕೆ ಅಂದರೆ 6, 7 ಬರುತ್ತದೆ, ಯಾರಾದರೂ ಅನುಮಾನಪಡುತ್ತಾರೆ ಅಂದುಕೊಂಡಿರುತ್ತೇವೆ. 3.7ನ್ನು ಯಾರು ಅನುಮಾನಿಸುತ್ತಾರೆ? ನಡುವಿನ ಆರು ಗಂಟೆಯಲ್ಲಿ ಅಜ್ಜಿಯ ಮೈಯಲ್ಲೇ ಸ್ವಲ್ಪ ಇಳಿದಿರಬಹುದು, ಇಡೀ ವ್ಯತ್ಯಾಸವನ್ನು ಫ್ರಿಜ್ಜಿನ ತಲೆಗೆ ಕಟ್ಟುವ ಹಾಗಿಲ್ಲ. ಆದರೂ.

ಕೆಂಪು ಮುದ್ರೆ ಚೀಟಿಗಲ್ಲ, ಟ್ಯೂಬಿಗೇ ಬೀಳಬೇಕು. ಬೆಳಿಗ್ಗೆ ಇನ್‌ಚಾರ್ಜ್ ಬಂದಾಗ ಕೇಳಬೇಕು, ಆ ಕೆಂಪು ಸ್ಟಿಕ್ಕರ್ ರೋಲು ಸ್ಟೋರಿನಲ್ಲಿ ಇನ್ನೂ ಇದೆಯಾ ಅಂತ.